ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ 4 ಗಂಟೆ

ಟೀಚರಮ್ಮನವರಿಗೆ ನಮಸ್ಕಾರ,

ಎರಡೂ ಮಾತ್ರೆ ಬೆಳಿಗ್ಗೆ ಒಟ್ಟಿಗೇ ನುಂಗುತ್ತೀರಿ ಎಂದು ನಿಮ್ಮ ಮಗ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ.

ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತದೆ. ಔಷಧಿ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಥೈರಾಯ್ಡ್ ಸಾಲದಾದಾಗ ಹೆಚ್ಚುವ ಟಿಎಸ್‌ಎಚ್ ಏರುತ್ತದೆ. ಡೋಸ್ ಸಾಲದು ಅಂತ ಸುಮ್ನೆ ಜಾಸ್ತಿ ಮಾಡಿಸಿಕೊಳ್ಳಬೇಕಾಗುತ್ತದೆ, ಅಲ್ವಾ?

ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ, ತಿಂಡಿ ಒಂದು ಗಂಟೆ ಬಿಟ್ಟು. (ಕಾಫಿ ಬಿಟ್ಟಿರುವುದು ನಿಮಗೆ ಕಷ್ಟ, ಗೊತ್ತು.) ಕ್ಯಾಲ್ಸಿಯಂಗೆ ಕನಿಷ್ಠ 4 ಗಂಟೆ ಅಂತರ ಬೇಕು. ನಿಮ್ಮದು ಕ್ಯಾಲ್ಸಿಯಂ ಕಾರ್ಬೊನೇಟ್, ಊಟದ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಗೂ ಹೀಗೇ ಅಂತರ ಇರಲಿ.

ಇಷ್ಟು ದಿನ ಒಟ್ಟಿಗೆ ತೆಗೆದುಕೊಂಡಿದ್ದನ್ನು ಡಾಕ್ಟರಿಗೆ ಹೇಳಿ. 6–8 ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಲು ಹೇಳಬಹುದು. ಡೋಸ್ ಮಾತ್ರ ನೀವೇ ಬದಲಿಸಬೇಡಿ.

ಇಂತಿ,
ನಿಮ್ಮ ಬೀದಿಯ ಮೆಡಿಕಲ್ ಶಾಪ್‌ನ ಫಾರ್ಮಸಿಸ್ಟ್