ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರ: ಈ ಅವಧಿಯ ಯೋಜನಾ ಕಾರ್ಯಗಳು

ಪಠ್ಯಪುಸ್ತಕದ ಲೆಕ್ಕಗಳಲ್ಲಿ ದತ್ತಾಂಶ ಸಿದ್ಧವಾಗಿರುತ್ತದೆ. ಅದನ್ನು ಯಾರು, ಯಾರಿಂದ, ಹೇಗೆ ಕಲೆಹಾಕಿದರು ಎಂದು ನಾವು ಕೇಳುವುದೇ ಇಲ್ಲ. ಈ ಬಾರಿ ಅದನ್ನೇ ಕೇಳೋಣ. ತರಗತಿಯಲ್ಲಿ 48 ಮಂದಿ ಇದ್ದೀರಿ. ಆರು ಜನರಂತೆ ಎಂಟು ತಂಡ, ನಾಲ್ಕು ವಿಷಯ. ಒಂದೊಂದು ವಿಷಯಕ್ಕೂ ಎರಡು ತಂಡ. ಇಬ್ಬರದೂ ಒಂದೇ ಪ್ರಶ್ನೆ, ಆದರೆ ದತ್ತಾಂಶ ತರುವ ದಾರಿ ಬೇರೆ. ಕೊನೆಗೆ ಎರಡೂ ಉತ್ತರಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯುತ್ತೇವೆ.

ವಿಷಯ 1: ಕಣ್ಣು ಆರಿಸಿದ ಪದ, ಚೀಟಿ ಆರಿಸಿದ ಪದ

ದಿನಪತ್ರಿಕೆಯ ಸಂಪಾದಕೀಯದಿಂದ ಸುಮಾರು 120 ಪದಗಳ ಭಾಗವನ್ನು ಕತ್ತರಿಸಿ, ಪ್ರತಿ ಪದಕ್ಕೂ ಕ್ರಮಸಂಖ್ಯೆ ಕೊಡಿ. ಒಂದು ಪದದಲ್ಲಿ ಸರಾಸರಿ ಎಷ್ಟು ಅಕ್ಷರಗಳಿವೆ ಎಂಬುದು ಪ್ರಶ್ನೆ. ಮೊದಲ ತಂಡ 20 ಸಹಪಾಠಿಗಳಿಗೆ ಈ ಭಾಗವನ್ನು ತೋರಿಸಿ, "ಇದನ್ನು ಪ್ರತಿನಿಧಿಸುವಂಥ ಹತ್ತು ಪದಗಳನ್ನು ಆರಿಸಿ" ಎಂದು ಕೇಳಬೇಕು. ಎರಡನೆಯ ತಂಡ 1ರಿಂದ 120ರವರೆಗೆ ಚೀಟಿ ಬರೆದು, ಡಬ್ಬಿಯಲ್ಲಿ ಕಲಸಿ ಹತ್ತನ್ನು ಎತ್ತಬೇಕು. ಚೀಟಿಗಳನ್ನು ಮರಳಿ ಹಾಕಿ, ಹೀಗೆ 20 ಸಲ.

ಅಕ್ಷರ ಎಣಿಸುವ ನಿಯಮವನ್ನು ಎರಡೂ ತಂಡಗಳು ಮೊದಲೇ ಒಪ್ಪಿಕೊಳ್ಳಿ. ಒತ್ತಕ್ಷರವೂ ಅನುಸ್ವಾರವೂ ತಾವು ಸೇರಿರುವ ಅಕ್ಷರದೊಳಗೇ ಲೆಕ್ಕ. "ಮಳೆ ಬಂದರೆ ಊರಿಗೆ ಹೋಗುವುದಿಲ್ಲ" ಎಂಬ ವಾಕ್ಯದಲ್ಲಿ ಕ್ರಮವಾಗಿ 2, 3, 3, 5, ಸರಾಸರಿ 3.25. ಕಡೆಯಲ್ಲಿ ಇಡೀ 120 ಪದಗಳನ್ನೂ ಎಣಿಸಿ ಸಮಷ್ಟಿಯ ನಿಜವಾದ ಸರಾಸರಿಯನ್ನು ಪಡೆಯಿರಿ. ಎರಡೂ ತಂಡಗಳ ಇಪ್ಪತ್ತಿಪ್ಪತ್ತು ಸರಾಸರಿಗಳನ್ನು ಒಂದೇ ರೇಖೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿ. ಚುಕ್ಕೆಗಳು ಚದುರಿರುವುದು ಬೇರೆ, ಎಲ್ಲವೂ ಒಂದೇ ಕಡೆಗೆ ವಾಲಿರುವುದು ಬೇರೆ. ಎರಡನೆಯದಕ್ಕೆ ಮಾತ್ರ ಪಕ್ಷಪಾತ ಎನ್ನುತ್ತೇವೆ. ಮಾದರಿಯನ್ನು ದೊಡ್ಡದು ಮಾಡಿದರೆ ಇವೆರಡರಲ್ಲಿ ಯಾವುದು ಕಡಿಮೆಯಾಗುತ್ತದೆ ಎಂದು ಬರೆಯಿರಿ.

ವಿಷಯ 2: ಕಾಲೇಜಿಗೆ ಬರಲು ಎಷ್ಟು ನಿಮಿಷ?

ಒಂದು ತಂಡ ಬೆಳಿಗ್ಗೆ ಗೇಟಿನಲ್ಲಿ ನಿಂತು ಮೊದಲು ಬರುವ 40 ಮಂದಿಯನ್ನು ಕೇಳಲಿ. ಇನ್ನೊಂದು ತಂಡ ನಮ್ಮ 400 ವಿದ್ಯಾರ್ಥಿಗಳ ಪಟ್ಟಿ ಹಿಡಿದು, 1ರಿಂದ 10ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ ಹತ್ತನೆಯವರನ್ನು ಹುಡುಕಿಕೊಂಡು ಹೋಗಲಿ. ಆ ದಿನ ಗೈರಾದವರನ್ನು ಬಿಟ್ಟುಬಿಡಬೇಡಿ, ಮರುದಿನ ಕೇಳಿ. ಬಸ್ ತಪ್ಪಿಸಿಕೊಂಡವರೂ ಅವರಲ್ಲಿ ಇರಬಹುದಲ್ಲವೇ?

ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಕಂಡುಹಿಡಿಯಿರಿ. ದೂರದ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುವ ಮೂರು ನಾಲ್ಕು ಮಂದಿ ಸರಾಸರಿಯನ್ನು ಎಷ್ಟು ಎಳೆದರು, ಮಧ್ಯಾಂಕವನ್ನು ಎಷ್ಟು? ಉತ್ತರಗಳು 15, 30, 45ರಲ್ಲಿ ಗುಂಪುಗೂಡಿದ್ದರೆ ಅದನ್ನೂ ದಾಖಲಿಸಿ. ಜನ ಗಡಿಯಾರ ನೋಡದೆ ಅಂದಾಜಿನಲ್ಲಿ ಹೇಳಿದ್ದಾರೆ ಎಂದರ್ಥ.

ಈ ತಂಡಗಳು 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು ಓದಿಕೊಳ್ಳಬೇಕು. ಯಾರಿಗೆ ಮತ ಹಾಕುತ್ತೀರಿ ಎಂದು ಜನರನ್ನು ಅಂಚೆಯಲ್ಲಿ ಕೇಳಿದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದಿದ್ದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ದೂರವಾಣಿ ಪುಸ್ತಕ, ಕಾರು ನೋಂದಣಿಯಂಥ ಪಟ್ಟಿಗಳಿಂದ ಹೆಸರು ತೆಗೆದಿದ್ದರು. ಹಾಗೆ ಕೇಳಿದವರಲ್ಲಿ ಮರಳಿ ಬರೆದವರೂ ಒಂದು ಭಾಗ ಮಾತ್ರ. ನಮ್ಮ ಗೇಟಿನ ಮುಂದೆ ನಿಂತ ತಂಡಕ್ಕೆ ಆ ಪಟ್ಟಿಯೊಡನೆ ಇರುವ ಹೋಲಿಕೆಯನ್ನು ಒಂದು ಪುಟದಲ್ಲಿ ವಿವರಿಸಿ.

ವಿಷಯ 3: ಒಂದು ಮನೆಯಲ್ಲಿ ಎಷ್ಟು ಮಕ್ಕಳು?

ನನಗೆ ಅತ್ಯಂತ ಪ್ರಿಯವಾದ ವಿಷಯ ಇದು. ಒಂದು ತಂಡ 40 ವಿದ್ಯಾರ್ಥಿಗಳನ್ನು "ನಿಮ್ಮನ್ನೂ ಸೇರಿಸಿ ನಿಮ್ಮ ಮನೆಯಲ್ಲಿ ಎಷ್ಟು ಮಕ್ಕಳು?" ಎಂದು ಕೇಳಬೇಕು. ಮತ್ತೊಂದು ತಂಡ ತಮ್ಮ ಬೀದಿಗಳಲ್ಲಿ ಮನೆಗಳನ್ನೇ ಪಟ್ಟಿ ಮಾಡಿ, ಚೀಟಿ ಎತ್ತಿ, ಅದೇ ಪ್ರಶ್ನೆ ಕೇಳಬೇಕು. ಮೊದಲ ತಂಡದಲ್ಲಿ ಯಾರೂ ಸುಳ್ಳು ಹೇಳದಿದ್ದರೂ ಉತ್ತರ ಹೆಚ್ಚೇ ಬರುವ ಸಂಭವವಿದೆ.

ಒಂದು ಓಣಿಯ ನಾಲ್ಕು ಮನೆಗಳಲ್ಲಿ ಕ್ರಮವಾಗಿ 1, 1, 1, 5 ಮಕ್ಕಳಿದ್ದಾರೆ ಎನ್ನಿ. ಮನೆಗೆ ಸರಾಸರಿ 2. ಈಗ ಎಂಟೂ ಮಕ್ಕಳನ್ನು ಕೇಳಿ: ಮೂವರು "ಒಂದು" ಎನ್ನುತ್ತಾರೆ, ಐವರು "ಐದು" ಎನ್ನುತ್ತಾರೆ. ಮೊತ್ತ 28, ಸರಾಸರಿ 3.5. ದೊಡ್ಡ ಮನೆ ಐದು ಸಲ ಉತ್ತರಿಸಿತು. ಮಕ್ಕಳೇ ಇಲ್ಲದ ಮನೆಯಿದ್ದರೆ ಅದಕ್ಕೆ ಬಾಯಿಯೇ ಇರುತ್ತಿರಲಿಲ್ಲ. ವಿದ್ಯಾರ್ಥಿಗಳ ಉತ್ತರಗಳಿಂದಲೇ ಮನೆಗಳ ಸರಾಸರಿಯತ್ತ ಹಿಂತಿರುಗುವ ದಾರಿಯನ್ನು ಹುಡುಕಿ. ಸುಳಿವು: ಪ್ರತಿ ಉತ್ತರಕ್ಕೂ ಅದರ ವ್ಯುತ್ಕ್ರಮವನ್ನು ತೂಕವಾಗಿ ಕೊಟ್ಟು ನೋಡಿ.

ವಿಷಯ 4: ಕೇಳಲು ಮುಜುಗರವಾಗುವ ಪ್ರಶ್ನೆ

"ಕಳೆದ ಕಿರುಪರೀಕ್ಷೆಯಲ್ಲಿ ಪಕ್ಕದವರ ಹಾಳೆ ನೋಡಿ ಬರೆದಿದ್ದೀರಾ?" ಒಂದು ತಂಡ ಇತರ ವಿಭಾಗಗಳಲ್ಲಿ ಎದುರಿಗೇ ಕೇಳಲಿ. ಇನ್ನೊಂದು ತಂಡದ ಮುಂದೆ ಉತ್ತರಿಸುವವರು ಮರೆಯಲ್ಲಿ ನಾಣ್ಯ ಚಿಮ್ಮಲಿ: ತಲೆ ಬಿದ್ದರೆ "ಹೌದು" ಎನ್ನಬೇಕು, ಬಾಲ ಬಿದ್ದರೆ ನಿಜ ಹೇಳಬೇಕು. 60 ಮಂದಿಯಲ್ಲಿ 38 "ಹೌದು" ಬಂದರೆ, ಸುಮಾರು 30 ನಾಣ್ಯದವು. ಉಳಿದ 30 ಮಂದಿಯಲ್ಲಿ 8 ನಿಜವಾದವು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಮಂಡಿಸಿದ ಉಪಾಯದ ಸರಳ ರೂಪ ಇದು.

ವರದಿಯ ಜೊತೆ ಕೈಬರಹದ ಮೂಲ ಹಾಳೆಗಳನ್ನೂ ನವೆಂಬರ್ 20ರೊಳಗೆ ಕೊಡಿ. ಗೀಚಿದ, ತಿದ್ದಿದ ಹಾಳೆಗಳಿಗೆ ಅಂಕ ಕಡಿಮೆಯಾಗುವುದಿಲ್ಲ. ಚಂದವಾಗಿ ನಕಲು ಮಾಡಿ ತಂದರೆ ಕಡಿಮೆಯಾಗುತ್ತದೆ. ಎಷ್ಟು ಮಂದಿ ಉತ್ತರಿಸಲು ಒಪ್ಪಲಿಲ್ಲ ಎಂಬುದನ್ನು ಬರೆಯಲೇಬೇಕು. ಉತ್ತರಿಸಿದ ಯಾರ ಹೆಸರನ್ನೂ ಎಲ್ಲಿಯೂ ಬರೆಯಬೇಡಿ.