ವಿಷಯ: ಸೋಮವಾರ ಕೆಲಸಕ್ಕೆ ಮರಳುತ್ತಿದ್ದೇನೆ, ಮೊದಲ ತಿಂಗಳ ಕೆಲಸದ ಬಗ್ಗೆ ಒಂದು ವಿನಂತಿ

ಸರ್, ನಮಸ್ಕಾರ.

ಬೆನ್ನಿನ ಆಪರೇಷನ್ ನಂತರದ ಮೂರು ತಿಂಗಳ ರಜೆ ಮುಗಿಸಿ, ಸೋಮವಾರ 3ನೇ ತಾರೀಖಿಗೆ ಉದ್ಯಮಬಾಗ್ ಆಫೀಸಿಗೆ ಬರುತ್ತಿದ್ದೇನೆ. ಡಾಕ್ಟರ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಇದರ ಜೊತೆ ಕಳಿಸಿದ್ದೇನೆ. ಆದರೆ ಒಂದೇ ಸಮನೆ ಜಾಸ್ತಿ ಹೊತ್ತು ಕೂರಬಾರದು, ಭಾರ ಎತ್ತಬಾರದು ಎಂದು ಅದರಲ್ಲೇ ಬರೆದಿದ್ದಾರೆ.

ಹಾಗಾಗಿ ಮೊದಲ ತಿಂಗಳು ಕೆಲಸವನ್ನು ಹಂತಹಂತವಾಗಿ ಹೆಚ್ಚಿಸಲು ಅವಕಾಶ ಕೊಡಿ. ಮೊದಲ ಎರಡು ವಾರ ಮಧ್ಯಾಹ್ನ ಒಂದರವರೆಗೆ ಇರುತ್ತೇನೆ. ಖರೀದಿ ಬಿಲ್ ಎಂಟ್ರಿ, ಬ್ಯಾಂಕ್ ತಾಳೆ ಇವೆರಡನ್ನೂ ಪೂರ್ತಿ ನಾನೇ ನೋಡಿಕೊಳ್ಳುತ್ತೇನೆ. ಮೂರನೇ ವಾರ ನಾಲ್ಕು ಗಂಟೆವರೆಗೆ. ನಾಲ್ಕನೇ ವಾರದಿಂದ ಪೂರ್ತಿ ದಿನ. ಗೋದಾಮಿನ ಸ್ಟಾಕ್ ಎಣಿಕೆ ಮಾತ್ರ ಈ ತಿಂಗಳು ಬೇಡ ಸರ್, ಅಲ್ಲಿ ಬಗ್ಗಿ ಏಳುವುದು ತಪ್ಪೋದಿಲ್ಲ.

ನನಗೆ ಚಿಂತೆ ಇರುವುದು ಜಿಎಸ್‌ಟಿಯದ್ದೇ. 11ಕ್ಕೆ ಜಿಎಸ್‌ಟಿಆರ್-1 ಹೋಗಬೇಕು. ಅದನ್ನು ಈಗ ಮಾಡುತ್ತಿರುವವರೇ ಮುಗಿಸಲಿ, ನಾನು ಪಕ್ಕದಲ್ಲಿ ಕೂತು ಪರಿಶೀಲಿಸುತ್ತೇನೆ. 20ರ ಜಿಎಸ್‌ಟಿಆರ್-3ಬಿ ನನ್ನ ಜವಾಬ್ದಾರಿ. ನಾನಿಲ್ಲದಾಗ ಅವರು ಎರಡು ಪಾಲು ಕೆಲಸ ಹೊತ್ತಿದ್ದಾರೆ, ಅವರ ಮೇಲೆ ಇನ್ನೂ ಹೊರೆ ಹಾಕಲು ಮನಸ್ಸಿಲ್ಲ. ಆದರೆ ಅವಸರಪಟ್ಟು ಮತ್ತೆ ಹಾಸಿಗೆ ಹಿಡಿದರೆ ಎಲ್ಲರಿಗೂ ತೊಂದರೆ ಅಲ್ವಾ?

ಅರ್ಧ ದಿನದ ಸಂಬಳ ಅಥವಾ ರಜೆ ಲೆಕ್ಕ ಹೇಗೆ ಎಂಬುದು ನಿಮ್ಮ ತೀರ್ಮಾನ. ಶುಕ್ರವಾರದೊಳಗೆ ಫೋನಿನಲ್ಲಿ ಹತ್ತು ನಿಮಿಷ ಸಿಕ್ಕರೆ ಮಾತಾಡೋಣ. ಪ್ರತಿ ಶನಿವಾರ ಹೇಗಿದ್ದೇನೆಂದು ನಾನೇ ತಿಳಿಸುತ್ತೇನೆ.

ರಜೆಯುದ್ದಕ್ಕೂ ಒಮ್ಮೆಯೂ ಒತ್ತಾಯ ಮಾಡಲಿಲ್ಲ ನೀವು. ಅದಕ್ಕೆ ತುಂಬಾ ಋಣಿ.

ಇಂತಿ ನಿಮ್ಮ ವಿಶ್ವಾಸಿ,
ಹಿರಿಯ ಸಹಾಯಕ, ಅಕೌಂಟ್ಸ್ ವಿಭಾಗ, ಬೆಳಗಾವಿ