ಕಬ್ಬಿನ ಗದ್ದೆಯಿಂದ ಬಾಳೆ ಮಂಡಿವರೆಗೆ: ಪ್ರಥಮ ಪಿಯುಸಿ ಸಸ್ಯ ಹಾರ್ಮೋನು ಕ್ವಿಜ್

ಶನಿವಾರ ಮಧ್ಯಾಹ್ನ, ಜೀವಶಾಸ್ತ್ರ ಲ್ಯಾಬ್. ತಂಡಗಳು ನಾಲ್ಕು: ಕಬ್ಬು, ಭತ್ತ, ರಾಗಿ, ತೆಂಗು. ಪ್ರತಿ ಪ್ರಶ್ನೆಗೆ 10 ಅಂಕ. ಹಾರ್ಮೋನಿನ ಹೆಸರಿಗೆ ಬರೀ 4, ಕಾರಣಕ್ಕೆ 6. ಐದು ಹೆಸರು ಉರು ಹೊಡೆದು ಬಂದು ಒಂದೊಂದಾಗಿ ಎಸೆಯುವವರು ಈ ಕ್ವಿಜ್ ಗೆಲ್ಲುವುದಿಲ್ಲ, ಮೊದಲೇ ಹೇಳಿಬಿಡಿ.

ಗದ್ದೆ ಸುತ್ತು

1. ಕಬ್ಬು ನಾಟಿ ಮಾಡುವಾಗ ಇಡೀ ಜಲ್ಲೆ ಮಲಗಿಸದೆ ಎರಡು, ಮೂರು ಕಣ್ಣಿನ ತುಂಡು ಮಾಡುತ್ತಾರೆ. ಇಡೀ ಜಲ್ಲೆ ಹೂತರೆ ತುದಿ ಕಡೆಯ ಕಣ್ಣು ಬೇಗ ಚಿಗುರಿ, ಬುಡದ ಕಣ್ಣುಗಳು ಹಿಂದೆ ಬೀಳುತ್ತವೆ. ಯಾಕೆ?

ಉತ್ತರ: ಆಕ್ಸಿನ್. ತುದಿ ಮೊಗ್ಗಿನಲ್ಲಿ ತಯಾರಾದ ಆಕ್ಸಿನ್ ಬುಡದತ್ತ ಇಳಿದು ಕೆಳಗಿನ ಮೊಗ್ಗುಗಳನ್ನು ತಡೆಹಿಡಿಯುತ್ತದೆ. ಇದೇ ತುದಿ ಪ್ರಾಬಲ್ಯ. ತುಂಡು ಮಾಡಿದರೆ ಆ ಹಿಡಿತ ತಪ್ಪುತ್ತದೆ. ಟೀ ತೋಟದಲ್ಲಿ ಕುಡಿ ಕೀಳುವುದು, ಬೇಲಿ ಗಿಡದ ತಲೆ ಕತ್ತರಿಸುವುದು ಎಂದು ಯಾರಾದರೂ ಉದಾಹರಣೆ ಸೇರಿಸಿದರೆ 2 ಅಂಕ ಬೋನಸ್.

2. ರಾಗಿ ಹೊಲಕ್ಕೆ 2,4-D ಹೊಡೆದರು. ಅಣ್ಣೆ ಸೊಪ್ಪಿನ ಗಿಡ ಸುರುಟಿಕೊಂಡಿತು, ರಾಗಿ ನಿಂತಿತು. ಗರಿಕೆಯೂ ನಿಂತಿತು! ಪಕ್ಕದ ಟೊಮೆಟೊ ಸಾಲಿನ ಎಲೆ ಮುದುಡಿತು. ಮೂರಕ್ಕೂ ಒಂದೇ ವಿವರಣೆ ಕೊಡಿ.

ಉತ್ತರ: 2,4-D ಕೃತಕ ಆಕ್ಸಿನ್. ಅಗಲ ಎಲೆಯ ದ್ವಿದಳ ಸಸ್ಯಗಳು ಅದಕ್ಕೆ ಬಲಿಯಾಗುತ್ತವೆ, ಬೆಳೆದ ಏಕದಳ ಸಸ್ಯಗಳು ತಡೆದುಕೊಳ್ಳುತ್ತವೆ. ಅಣ್ಣೆ, ಟೊಮೆಟೊ ದ್ವಿದಳ. ರಾಗಿ, ಗರಿಕೆ ಎರಡೂ ಹುಲ್ಲಿನ ಜಾತಿ. ಔಷಧಿಗೆ ಬೆಳೆ ಯಾವುದು, ಕಳೆ ಯಾವುದು ಗೊತ್ತಿಲ್ಲ. ಗಾಳಿಗೆ ತೇಲಿದ ಹನಿ ಟೊಮೆಟೊಗೆ ತಗುಲಿದೆ. "ಔಷಧಿ ಕಳೆಯನ್ನು ಗುರುತಿಸುತ್ತದೆ" ಎಂದವರಿಗೆ ಸೊನ್ನೆ.

3. ಭತ್ತದ ಸಸಿಮಡಿಯಲ್ಲಿ, ನಮ್ಮ ಮಾತಿನಲ್ಲಿ ಒಟ್ಲಿನಲ್ಲಿ, ಕೆಲವು ಪೈರು ಮಾತ್ರ ಸೊರಗಿದ ಬಣ್ಣದಲ್ಲಿ ಮಾರುದ್ದ ಎದ್ದು ನಿಲ್ಲುತ್ತವೆ. ಜಪಾನಿನ ರೈತರು ಇದನ್ನು 'ಬಕಾನೆ', ಅಂದರೆ ಪೆದ್ದು ಪೈರು ಎಂದರು. ಇದರಿಂದ ಸಿಕ್ಕ ಹಾರ್ಮೋನು ಯಾವುದು? ರೋಗ ತರುವುದು ಶಿಲೀಂಧ್ರದ ಜೀವಕೋಶವಲ್ಲ, ಅದು ಸ್ರವಿಸುವ ವಸ್ತು ಎಂದು ಹೇಗೆ ತಿಳಿಯಿತು?

ಉತ್ತರ: ಜಿಬ್ಬರೆಲಿನ್. ಜಿಬ್ಬರೆಲ್ಲಾ ಫ್ಯೂಜಿಕುರಾಯ್ ಎಂಬ ಶಿಲೀಂಧ್ರ ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ದ್ರವವನ್ನು ಆರೋಗ್ಯವಂತ ಪೈರಿಗೆ ಕೊಟ್ಟಾಗಲೂ ಅದೇ ಲಕ್ಷಣ ಬಂತು. ಇದನ್ನು 1926ರಲ್ಲಿ ಕುರೊಸಾವಾ ವರದಿ ಮಾಡಿದರು. ಅಂಕ ಇರುವುದು 'ಸೋಸಿದ ದ್ರವ' ಎಂಬ ಮಾತಿಗೆ.

4. ಅದೇ ಜಿಬ್ಬರೆಲಿನ್ ಕಬ್ಬಿಗೆ ಸಿಂಪಡಿಸಿದರೆ ಇಳುವರಿ ಏರುವುದೇಕೆ?

ಉತ್ತರ: ಕಬ್ಬು ಸಕ್ಕರೆಯನ್ನು ಕೂಡಿಡುವುದು ಕಾಂಡದಲ್ಲಿ. ಕಾಂಡ ಉದ್ದವಾದರೆ ಗೋದಾಮು ದೊಡ್ಡದಾದಂತೆ. ಪಠ್ಯದಲ್ಲಿ ಎಕರೆಗೆ 20 ಟನ್‌ವರೆಗೆ ಹೆಚ್ಚಳ ಎಂದಿದೆ, ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಇವತ್ತೇ ಮನೆಗೆ ಹೋಗಿ ಅಪ್ಪನಿಗೆ ಲೆಕ್ಕ ಹಾಕಿ ಕೊಡಬೇಡಿ.

5. ನಾಲೆಗೆ ನೀರು ನಿಲ್ಲಿಸಿ ವಾರವಾಯಿತು. ಎಲೆಯ ಪತ್ರರಂಧ್ರ ಮುಚ್ಚಿಸುವವರಾರು?

ಉತ್ತರ: ಅಬ್ಸಿಸಿಕ್ ಆಮ್ಲ. ಕಾವಲು ಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಹೋಗುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಕೋಶ ಬಿಗುಪು ಕಳೆದುಕೊಂಡು ರಂಧ್ರ ಮುಚ್ಚುತ್ತದೆ. ಇದಕ್ಕೆ 'ಒತ್ತಡದ ಹಾರ್ಮೋನು' ಎಂಬ ಹೆಸರು ಬಂದಿದ್ದು ಹೀಗೆ.

ಮಂಡಿ ಸುತ್ತು

6. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಒಂದು ಕಾಯಿ ತಂದಿದ್ದೇವೆ. (ಮೇಜಿನ ಮೇಲೆ ಇಡಿ. ಸರಿ ಉತ್ತರ ಕೊಟ್ಟ ತಂಡಕ್ಕೇ ಕಾಯಿ.) ತಂಬಾಕಿನ ಕಾಂಡದ ತುಣುಕನ್ನು ಆಕ್ಸಿನ್ ಇರುವ ಮಾಧ್ಯಮದಲ್ಲಿ ಇಟ್ಟರೂ ಕೋಶಗಳು ವಿಭಜನೆಯಾಗಲಿಲ್ಲ. ಇದರೊಳಗಿನ ದ್ರವ ಸೇರಿಸಿದಾಗ ಆದವು. ಯಾಕೆ?

ಉತ್ತರ: ಅದರಲ್ಲಿ ಸೈಟೊಕೈನಿನ್ ಇದೆ. ಕೋಶ ವಿಭಜನೆಗೆ ಆಕ್ಸಿನ್ ಜೊತೆಗೆ ಅದೂ ಬೇಕು. ಸ್ಕೂಗ್ ಮತ್ತು ಜೊತೆಗಾರರ ಪ್ರಯೋಗದಲ್ಲಿ ಯೀಸ್ಟ್ ಸಾರ, ಡಿಎನ್ಎ ಕೂಡ ಇದೇ ಕೆಲಸ ಮಾಡಿದವು. ಕೊನೆಗೆ ಹೆರಿಂಗ್ ಮೀನಿನ ವೀರ್ಯಾಣುವಿನ ಡಿಎನ್ಎಯನ್ನು ಒತ್ತಡದಲ್ಲಿ ಕಾಯಿಸಿದಾಗ ಕೈನೆಟಿನ್ ಸಿಕ್ಕಿತು. ಕೈನೆಟಿನ್ ಸಸ್ಯಗಳಲ್ಲಿ ಸಹಜವಾಗಿ ಇರುವುದಿಲ್ಲ. ಸಹಜವಾದ ಜಿಯಾಟಿನ್ ಸಿಕ್ಕಿದ್ದು ಮುಸುಕಿನ ಜೋಳದ ಕಾಳಿನಲ್ಲಿ, ಎಳನೀರಿನಲ್ಲಿ.

ಕ್ವಿಜ್ ನಡೆಸುವವರಿಗೆ: ಇಂಗ್ಲಿಷ್ ಪುಸ್ತಕದಲ್ಲಿ 'ಕೊಕೊನಟ್ ಮಿಲ್ಕ್' ಎಂದಿರುವುದನ್ನು ನೋಡಿ ಮಕ್ಕಳು ಒಬ್ಬಟ್ಟಿಗೆ ಹಿಂಡುವ ಕಾಯಿಹಾಲು ಎಂದುಕೊಂಡಿರುತ್ತಾರೆ. ಅದಲ್ಲ. ಕಾಯಿಯೊಳಗಿನ ದ್ರವರೂಪದ ಭ್ರೂಣಾಹಾರ, ನಾವು ಕುಡಿಯುವ ಎಳನೀರೇ. ಕಾಯಿ ಕೊಚ್ಚುವ ಮುಂಚೆ ಇದನ್ನು ಹೇಳಿ, ಆಮೇಲೆ ಯಾರೂ ಕೇಳುವುದಿಲ್ಲ.

7. ಹಸಿ ಬಾಳೆಗೊನೆಗಳನ್ನು ಕೋಣೆಯಲ್ಲಿ ಒಟ್ಟಿ, ಹೊಗೆ ಹಾಕಿ ಬಾಗಿಲು ಮುಚ್ಚಿದರೆ ಬೇಗ ಹಣ್ಣಾಗುವುದು ಬಿಸಿಗೆ ಮಾತ್ರವೇ?

ಉತ್ತರ: ಅಲ್ಲ. ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಬಾಗಿಲು ಮುಚ್ಚುವುದೂ ಅದಕ್ಕೇ, ಎಥಿಲೀನ್ ಅನಿಲ, ಬಿಟ್ಟರೆ ಹಾರಿಹೋಗುತ್ತದೆ. ಹಣ್ಣಾಗತೊಡಗಿದ ಕಾಯಿ ತಾನೂ ಎಥಿಲೀನ್ ಬಿಡುತ್ತದೆ, ಅದರಿಂದ ಪಕ್ಕದ್ದು ಹಣ್ಣಾಗುತ್ತದೆ. ಮಾಗಿದ ಕಿತ್ತಳೆ ಬಿಡುವ ಆವಿಯಿಂದ ಬಾಳೆ ಬೇಗ ಹಣ್ಣಾಗುವುದನ್ನು 1910ರಲ್ಲಿ ಕಸಿನ್ಸ್ ದೃಢಪಡಿಸಿದರು. ಮಾಗುವಾಗ ಉಸಿರಾಟದ ದರ ಏರುತ್ತದೆ ಎಂದೂ ಹೇಳಿದರೆ ಪೂರ್ತಿ ಅಂಕ.

8. ಹಾಗಾದರೆ ಕಾರ್ಬೈಡ್ ಪುಡಿ ಇಟ್ಟರೂ ಮಾವು ಹಣ್ಣಾಗುತ್ತದಲ್ಲ, ಅದು ಎಥಿಲೀನೇ?

ಉತ್ತರ: ಅಲ್ಲ, ಇಲ್ಲಿ ಬಹಳ ತಂಡಗಳು ಜಾರುತ್ತವೆ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಾಗಿದರೆ ಬರುವುದು ಅಸೆಟಿಲೀನ್. ಅದು ಎಥಿಲೀನಿನ ಹಾಗೆ ನಟಿಸುತ್ತದೆ. ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶ ಇರಬಹುದಾದ್ದರಿಂದ ನಮ್ಮ ದೇಶದಲ್ಲಿ ಇದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ ಅನುಮತಿ ಉಂಟು.

ಥಟ್ ಅಂತ ಹೇಳಿ (ತಲಾ 2 ಅಂಕ, ಕಾರಣ ಕೇಳುವುದಿಲ್ಲ)

ಸೌತೆ ಬಳ್ಳಿಯಲ್ಲಿ ಹೆಣ್ಣು ಹೂ ಹೆಚ್ಚಿಸುವುದು? ಎಥಿಲೀನ್.
ಎಲೆ ಬೇಗ ಮುದಿಯಾಗದಂತೆ ಕಾಯುವುದು? ಸೈಟೊಕೈನಿನ್.
ಬೀಜವನ್ನು ಮಲಗಿಸುವುದು? ಅಬ್ಸಿಸಿಕ್ ಆಮ್ಲ. ಎಬ್ಬಿಸುವುದು? ಜಿಬ್ಬರೆಲಿನ್.
ಕಾಂಡದ ಕಡ್ಡಿಗೆ ಬೇರು ಬರಿಸುವುದು? ಆಕ್ಸಿನ್.

9. ಆಕ್ಸಿನ್ ಮೊದಲು ಸಿಕ್ಕಿದ್ದು ಎಲ್ಲಿ?

ಇದು ಜಗಳದ ಪ್ರಶ್ನೆ, ಬೇಕೆಂದೇ ಇಟ್ಟಿದ್ದೇನೆ. ಒಂದು ತಂಡ "ಓಟ್ಸ್ ಮೊಳಕೆಯ ತುದಿ, ವೆಂಟ್" ಎನ್ನುತ್ತದೆ, ಇನ್ನೊಂದು ನಾಚಿಕೊಂಡು "ಮನುಷ್ಯರ ಮೂತ್ರ" ಎನ್ನುತ್ತದೆ. ಇಬ್ಬರಿಗೂ ಅಂಕ ಕೊಡಿ. ಕತ್ತರಿಸಿದ ತುದಿಯನ್ನು ಅಗರ್ ತುಂಡಿನ ಮೇಲಿಟ್ಟು, ತುದಿಯಿಂದ ಇಳಿದ ವಸ್ತುವೇ ಬಾಗುವಿಕೆಗೆ ಕಾರಣ ಎಂದು ತೋರಿಸಿದವರು ವೆಂಟ್. ವಸ್ತುವನ್ನು ರಾಸಾಯನಿಕವಾಗಿ ಬೇರ್ಪಡಿಸಿದ್ದು ಮೂತ್ರದಿಂದ. ಅದಕ್ಕೂ ಮುಂಚೆ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್, ಕ್ಯಾನರಿ ಹುಲ್ಲಿನ ಮೊಳಕೆ ಬೆಳಕಿನತ್ತ ಬಾಗುವುದು ತುದಿಯ ಪ್ರಭಾವದಿಂದ ಎಂದು ಕಂಡಿದ್ದರು. ಪ್ರಶ್ನೆಯಲ್ಲೇ ತಪ್ಪಿದೆ ಎಂದು ಎದ್ದು ನಿಲ್ಲುವ ಹುಡುಗಿಯೋ ಹುಡುಗನೋ ಇದ್ದರೆ ಆ ತಂಡಕ್ಕೆ 15.

ಸಮಬಲವಾದರೆ

ಒಂದೇ ತಳಿಯ ಅಂಗಾಂಶದ ಎರಡು ಬಾಟಲಿ. ಒಂದರಲ್ಲಿ ಆಕ್ಸಿನ್ ಜಾಸ್ತಿ, ಸೈಟೊಕೈನಿನ್ ಕಡಿಮೆ. ಇನ್ನೊಂದರಲ್ಲಿ ತದ್ವಿರುದ್ಧ. ಯಾವುದರಲ್ಲಿ ಬೇರು, ಯಾವುದರಲ್ಲಿ ಚಿಗುರು? ಎರಡೂ ಸರಿಸಮ ಇದ್ದರೆ? ಹಾಳೆಯಲ್ಲಿ ಬರೆದು ಕೊಡಿ, 30 ಸೆಕೆಂಡು.

ಉತ್ತರ: ಮೊದಲನೆಯದರಲ್ಲಿ ಬೇರು, ಎರಡನೆಯದರಲ್ಲಿ ಚಿಗುರು. ಸರಿಸಮ ಇದ್ದರೆ ಬೇರೂ ಇಲ್ಲ, ಚಿಗುರೂ ಇಲ್ಲ, ಕ್ಯಾಲಸ್ ಎಂಬ ಬರೀ ಕೋಶಗಳ ಗಂಟು.